ಪದೋನ್ನತಿಯೂ ಅಂತರಂಗದ ಅಳುಕೂ

ಪದೋನ್ನತಿಯ ಆದೇಶ ಕೈಸೇರಿದ ದಿನ ಮನೆಯಲ್ಲಿ ಸಿಹಿ ಮಾಡುವುದು, ಊರಿನಲ್ಲಿರುವ ಹಿರಿಯರಿಗೆ ಸುದ್ದಿ ಮುಟ್ಟಿಸುವುದು, ಸಂಘದ ಸಭೆಯಲ್ಲಿ ಹಾರ ಸ್ವೀಕರಿಸುವುದು ಮಹಾನಗರಗಳ ಕನ್ನಡಿಗರಲ್ಲಿ ವಾಡಿಕೆಯಾಗಿದೆ. ಆದರೆ ಹಾರ ಹಾಕಿಸಿಕೊಂಡವರ ಅಂತರಂಗದಲ್ಲಿ ಒಮ್ಮೊಮ್ಮೆ ಬೇರೆಯೇ ಮಾತು ನಡೆದಿರುತ್ತದೆ. ಈ ಸ್ಥಾನಕ್ಕೆ ತಾನು ತಕ್ಕವನಲ್ಲ, ಸಂದರ್ಶನ ಮಂಡಲಿಯವರು ಹೇಗೋ ಮೋಸಹೋದರು, ಇಂದಲ್ಲ ನಾಳೆ ತನ್ನ ಬಂಡವಾಳ ಬಯಲಾಗುತ್ತದೆ ಎಂಬ ಭಯ ಅದು. ಈ ಭಯವನ್ನು ಅವರು ಹೆಂಡತಿಯ ಮುಂದೆಯೂ, ಗಂಡನ ಮುಂದೆಯೂ ಆಡುವುದಿಲ್ಲ. ಎಲ್ಲರೂ ಸಂತೋಷಪಡುತ್ತಿರುವಾಗ ಇಂತಹ ಮಾತನ್ನು ಎತ್ತುವುದಾದರೂ ಹೇಗೆ?

1978ರಲ್ಲಿ ಅಮೆರಿಕದ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬ ಮನೋವಿಜ್ಞಾನಿಗಳಿಬ್ಬರು ಈ ಸ್ಥಿತಿಯನ್ನು ಕುರಿತು ಒಂದು ಲೇಖನವನ್ನು ಪ್ರಕಟಿಸಿದರು. ಅವರ ಬಳಿ ಬಂದಿದ್ದ ನೂರೈವತ್ತಕ್ಕೂ ಹೆಚ್ಚು ಮಹಿಳೆಯರು ಓದಿನಲ್ಲಿಯೂ ವೃತ್ತಿಯಲ್ಲಿಯೂ ಎತ್ತರಕ್ಕೆ ಏರಿದವರು. ಹಾಗಿದ್ದೂ ಅವರಲ್ಲಿ ಅನೇಕರು ತಮ್ಮನ್ನು ವೇಷಧಾರಿಗಳೆಂದೇ ಭಾವಿಸಿದ್ದರು. ಇದಕ್ಕೆ 'ಇಂಪೋಸ್ಟರ್ ಭಾವನೆ' ಎಂಬ ಹೆಸರು ಬಂದಿತು. ಕನ್ನಡದಲ್ಲಿ ಸೋಗಿನ ಭಯ ಎನ್ನಬಹುದು. ಪುರುಷರಲ್ಲಿಯೂ ಇದು ಉಂಟೆಂಬುದು ಮುಂದಿನ ಅಧ್ಯಯನಗಳಿಂದ ತಿಳಿದುಬಂದಿತು. ಇದನ್ನು ಒಂದು ರೋಗವೆಂದು ವೈದ್ಯರ ಪಟ್ಟಿಗಳಲ್ಲಿ ಸೇರಿಸಿಲ್ಲ. ಇದು ಮನಸ್ಸಿನ ಒಂದು ಲೆಕ್ಕಾಚಾರದ ರೀತಿ. ಆ ರೀತಿಯಲ್ಲಿಯೇ ಒಂದು ದೋಷವಿದೆ.

ಒಂದು ನಿದರ್ಶನ

ವಿಷಯ ಸ್ಪಷ್ಟವಾಗಲೆಂದು ಒಬ್ಬ ಕಲ್ಪಿತ ಅಧಿಕಾರಿಯ ಉದಾಹರಣೆಯನ್ನು ತೆಗೆದುಕೊಳ್ಳೋಣ. ಇವರು ಧಾರವಾಡದ ಕಡೆಯವರು. ಮುಂಬಯಿಯ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿ ಸೇರಿ, ನಗದು ವಿಭಾಗದಲ್ಲಿ ಕೆಲವು ವರ್ಷ ಕುಳಿತು, ಅನಂತರ ಅಧಿಕಾರಿಯಾಗಿ ಸಾಲದ ಅರ್ಜಿಗಳನ್ನು ಪರಿಶೀಲಿಸಿ ಮೇಲಿನವರಿಗೆ ಶಿಫಾರಸು ಮಾಡುತ್ತ ಬಂದವರು. ಈಗ ಪದೋನ್ನತಿಯಾಗಿ ಉಪನಗರದ ಶಾಖೆಯೊಂದರ ವ್ಯವಸ್ಥಾಪಕರಾಗಿದ್ದಾರೆ. ಮೊದಲು ಶಿಫಾರಸು ಮಾಡುತ್ತಿದ್ದ ಕೈ ಈಗ ಮಂಜೂರಾತಿಗೆ ಸಹಿ ಹಾಕಬೇಕು.

ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯೊಂದು ದುಡಿಯುವ ಬಂಡವಾಳಕ್ಕಾಗಿ ಸಾಲ ಕೇಳಿದೆ. ಬರುವ ವರ್ಷದ ಅಂದಾಜು ವಹಿವಾಟು 2 ಕೋಟಿ ರೂಪಾಯಿ. ಸಣ್ಣ ಉದ್ಯಮಗಳಿಗೆ ಬ್ಯಾಂಕುಗಳು ಅನುಸರಿಸುವ ಕ್ರಮದಂತೆ ವಹಿವಾಟಿನ ಶೇ. 25ರಷ್ಟು, ಅಂದರೆ 50 ಲಕ್ಷ, ದುಡಿಯುವ ಬಂಡವಾಳವಾಗಿ ಬೇಕಾಗುತ್ತದೆ. ಅದರಲ್ಲಿ ವಹಿವಾಟಿನ ಶೇ. 5ರಷ್ಟನ್ನು, ಅಂದರೆ 10 ಲಕ್ಷವನ್ನು, ಮಾಲೀಕರು ತೊಡಗಿಸಬೇಕು. ಉಳಿದ 40 ಲಕ್ಷವನ್ನು ಬ್ಯಾಂಕು ಕೊಡಬಹುದು. ಈ ಲೆಕ್ಕವನ್ನು ಇವರು ನೂರಾರು ಸಲ ಮಾಡಿದ್ದಾರೆ. ಆದರೂ ಈ ಸಲ ನಾಲ್ಕು ಬಾರಿ ಮಾಡುತ್ತಾರೆ. ಹಳೆಯ ಸುತ್ತೋಲೆಗಳನ್ನು ಮತ್ತೆ ತೆಗೆದು ಓದುತ್ತಾರೆ. ಕಾರ್ಖಾನೆಯ ತೆರಿಗೆಯ ಕಾಗದಗಳನ್ನು ಮನೆಗೆ ಒಯ್ಯುತ್ತಾರೆ. ಒಂದು ಸಂದೇಹವನ್ನು ಪ್ರಾದೇಶಿಕ ಕಚೇರಿಯ ಸಹೋದ್ಯೋಗಿಯಿಂದ ಎರಡು ನಿಮಿಷದಲ್ಲಿ ಪರಿಹರಿಸಿಕೊಳ್ಳಬಹುದಿತ್ತು. ಆದರೆ ಕೇಳುವುದಿಲ್ಲ, ಕೇಳಿದರೆ 'ಇಷ್ಟೂ ತಿಳಿಯದವರು ವ್ಯವಸ್ಥಾಪಕರೇ?' ಎಂದುಕೊಳ್ಳುವರೆಂಬ ಅಂಜಿಕೆ. ರಾತ್ರಿ ಒಂಬತ್ತರ ಲೋಕಲ್ ಹಿಡಿದು ಮನೆಗೆ ಬರುತ್ತಾರೆ. ಸಾಲ ಮಂಜೂರಾಗುತ್ತದೆ, ಮೇಲಿನ ಕಚೇರಿಯ ಪರಿಶೀಲನೆಯಲ್ಲಿ ಒಂದು ಆಕ್ಷೇಪವೂ ಬರುವುದಿಲ್ಲ.

ಹೊರಗಿನವರಿಗೆ ಇದೊಂದು ಯಶಸ್ಸು. ಅವರ ಮನಸ್ಸು ಮಾತ್ರ, 'ನಾಲ್ಕು ಸಲ ನೋಡಿದ್ದರಿಂದ ಪಾರಾದೆ. ಇಲ್ಲದಿದ್ದರೆ ಸಿಕ್ಕಿಬೀಳುತ್ತಿದ್ದೆ' ಎಂದುಕೊಳ್ಳುತ್ತದೆ. ಒಂದೆರಡು ದಿನ ನೆಮ್ಮದಿ. ಅಷ್ಟರಲ್ಲಿ ಮುಂದಿನ ಅರ್ಜಿ ಮೇಜಿನ ಮೇಲೆ ಬರುತ್ತದೆ. ಮತ್ತೆ ಅದೇ ಆತಂಕ, ಅದೇ ಅತಿಯಾದ ಸಿದ್ಧತೆ.

ಜಮೆಯಾಗದ ಯಶಸ್ಸು

ಕ್ಲಾನ್ಸ್ ಅವರು ವಿವರಿಸಿದ ಚಕ್ರ ಇದೇ. ಹೊಸ ಕೆಲಸ ಬಂದೊಡನೆ ಆತಂಕ, ಆತಂಕದಿಂದ ಒಂದೋ ಮಿತಿಮೀರಿದ ಸಿದ್ಧತೆ, ಇಲ್ಲವೇ ಕಡೆಯ ಗಳಿಗೆಯವರೆಗೆ ಮುಂದೂಡುವಿಕೆ, ಅನಂತರ ಯಶಸ್ಸು. ಸಿದ್ಧತೆ ಮಾಡಿದವನು ಯಶಸ್ಸನ್ನು ಶ್ರಮದ ಲೆಕ್ಕಕ್ಕೆ ಬರೆಯುತ್ತಾನೆ, ಮುಂದೂಡಿದವನು ಅದೃಷ್ಟದ ಲೆಕ್ಕಕ್ಕೆ ಬರೆಯುತ್ತಾನೆ. ಸಾಮರ್ಥ್ಯದ ಲೆಕ್ಕಕ್ಕೆ ಇಬ್ಬರೂ ಬರೆಯುವುದಿಲ್ಲ. ಬ್ಯಾಂಕಿನಲ್ಲಿ ಬಂದ ಹಣ ಯಾರದೆಂದು ಗೊತ್ತಾಗದಿದ್ದಾಗ ಅದನ್ನು ಸಸ್ಪೆನ್ಸ್ ಖಾತೆಯಲ್ಲಿ ಇಡುವುದುಂಟು. ಇವರ ಯಶಸ್ಸುಗಳೆಲ್ಲ ಹಾಗೆ ಇಟ್ಟ ಹಣದಂತೆ. ಇಪ್ಪತ್ತು ವರ್ಷ ದುಡಿದರೂ ಸ್ವಂತ ಖಾತೆಯ ಶಿಲ್ಕು ಸೊನ್ನೆ. ತಪ್ಪುಗಳು ಮಾತ್ರ ಅಂದಂದೇ ಸ್ವಂತ ಖಾತೆಗೆ ಖರ್ಚು ಬೀಳುತ್ತವೆ.

ಪದೋನ್ನತಿಯ ಹೊತ್ತಿಗೇ ಈ ಭಯ ಏಕೆ ಹೆಚ್ಚುತ್ತದೆಂಬುದಕ್ಕೂ ಕಾರಣವಿದೆ. ನಗದು ವಿಭಾಗದಲ್ಲಿದ್ದಾಗ ಸಂಜೆ ಹಣ ಎಣಿಸಿ ಲೆಕ್ಕ ತಾಳೆಯಾದರೆ ಆ ದಿನದ ಕೆಲಸ ಸರಿಯಾಯಿತೆಂಬುದಕ್ಕೆ ಅಂದೇ ಸಾಕ್ಷಿ ಸಿಗುತ್ತಿತ್ತು. ಶಿಫಾರಸು ಮಾಡುವಾಗ ಮೇಲಿನವರು ಒಪ್ಪಿದರೆ ಅದೊಂದು ಸಾಕ್ಷಿ. ಮಂಜೂರು ಮಾಡುವವರಿಗೆ ಅಂತಹ ಸಂಜೆಯ ತಾಳೆ ಇಲ್ಲ. ಇಂದು ಕೊಟ್ಟ ಸಾಲ ಒಳ್ಳೆಯದೋ ಕೆಟ್ಟದ್ದೋ ತಿಳಿಯಲು ಎರಡು ಮೂರು ವರ್ಷಗಳೇ ಬೇಕು. ಆಗಲೂ ಅದರಲ್ಲಿ ಮಾರುಕಟ್ಟೆಯ ಪಾಲೆಷ್ಟು, ತನ್ನ ವಿವೇಚನೆಯ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಹೀಗೆ ದಿನನಿತ್ಯದ ಸಾಕ್ಷಿ ತಪ್ಪಿದ್ದನ್ನೇ ಮನಸ್ಸು ಸಾಮರ್ಥ್ಯ ತಪ್ಪಿದ್ದೆಂದು ತಿಳಿದುಕೊಳ್ಳುತ್ತದೆ. ಹಳ್ಳಿಯ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ, ಸಭೆಯಲ್ಲಿ ಇತರರು ಸರಾಗವಾಗಿ ಇಂಗ್ಲಿಷ್, ಹಿಂದಿ, ಮರಾಠಿ ಆಡುವುದನ್ನು ಕೇಳಿದಾಗ, ಈ ತಪ್ಪು ತಿಳಿವಳಿಕೆಗೆ ಇನ್ನಷ್ಟು ಪುಷ್ಟಿ ದೊರೆಯುತ್ತದೆ. ಮಾತಿನ ಸರಾಗತೆಯೇ ಬೇರೆ, ಸಾಲಗಾರನನ್ನು ಅಳೆಯುವ ಕಣ್ಣೇ ಬೇರೆ ಎಂಬುದು ಆಗ ನೆನಪಿಗೆ ಬರುವುದಿಲ್ಲ.

ಹೊಗಳಿಕೆ ಏಕೆ ತಾಗುವುದಿಲ್ಲ?

ಇಂತಹವರಿಗೆ ಹೊಗಳಿಕೆಯಿಂದ ಧೈರ್ಯ ಬರಬೇಕಲ್ಲವೇ ಎಂದು ಕೇಳಬಹುದು. ಬರುವುದಿಲ್ಲ. 'ಒಳಗಿನದು ಗೊತ್ತಿದ್ದರೆ ಹೀಗೆ ಹೇಳುತ್ತಿರಲಿಲ್ಲ' ಎಂದು ಅವರು ಮನಸ್ಸಿನಲ್ಲಿಯೇ ಅಂದುಕೊಳ್ಳುತ್ತಾರೆ. ಹೊಗಳಿಕೆಯೆಲ್ಲ ಹೊರಗಿನ ವೇಷಕ್ಕೆ ಸಲ್ಲುತ್ತದೆ, ಒಳಗಿರುವವರಿಗೆ ಒಂದು ಹನಿಯೂ ತಲುಪುವುದಿಲ್ಲ. ಈ ಸ್ಥಿತಿಯ ಒಂಟಿತನ ಇರುವುದು ಇಲ್ಲಿಯೇ. ಮನೆ ತುಂಬ ಜನರಿದ್ದಾಗಲೂ ಇದು ಬಿಡದು. ಏಕೆಂದರೆ ಎಲ್ಲರ ಪ್ರೀತಿ ವಿಶ್ವಾಸಗಳೂ ಬೇರೊಬ್ಬರಿಗೆಂದು ಬಂದ ಅಂಚೆಯಂತೆ ತೋರುತ್ತವೆ. ಇದರ ಜೊತೆಗೆ, ಪ್ರತಿಯೊಬ್ಬರಿಗೂ ತಮ್ಮ ಒಳಗಿನ ಅಳುಕು ಕಾಣುತ್ತದೆ, ಇತರರದು ಹೊರಗಿನ ಗಾಂಭೀರ್ಯ ಮಾತ್ರ ಕಾಣುತ್ತದೆ. ಒಂದೇ ಸಭೆಯಲ್ಲಿ ಕುಳಿತ ನಾಲ್ವರು ವ್ಯವಸ್ಥಾಪಕರು ತಾನೊಬ್ಬನೇ ಹೀಗೆಂದು ಭಾವಿಸಿ ಎದ್ದು ಹೋಗಬಹುದು.

ನಿಜವಾದ ಕೊರತೆಯನ್ನು ಗುರುತಿಸುವುದು

ಹೊಸ ಹುದ್ದೆಯಲ್ಲಿ ತಿಳಿಯದ ಸಂಗತಿಗಳು ಇದ್ದೇ ಇರುತ್ತವೆ. ಆದುದರಿಂದ ಸಂದೇಹವನ್ನೆಲ್ಲ ಭ್ರಮೆಯೆಂದು ತಳ್ಳಿಹಾಕಲಾಗದು. ನಿಜವಾದ ಕೊರತೆಗೆ ಒಂದು ಹೆಸರಿರುತ್ತದೆ. 'ರಫ್ತು ಸಾಲದ ನಿಯಮ ನನಗೆ ತಿಳಿಯದು' ಎಂದು ಅದನ್ನು ಒಂದು ವಾಕ್ಯದಲ್ಲಿ ಬರೆಯಬಹುದು. ಕಲಿತರೆ ಅದು ಕಡಿಮೆಯಾಗುತ್ತದೆ. ಸೋಗಿನ ಭಯಕ್ಕೆ ಅಂತಹ ಹೆಸರಿಲ್ಲ. ಬರೆಯಹೊರಟರೆ 'ನಾನೇ ಸರಿಯಿಲ್ಲ' ಎಂಬಲ್ಲಿಗೆ ನಿಲ್ಲುತ್ತದೆ. ಒಂದು ವಿಷಯ ಕಲಿತೊಡನೆ ಅದು ಇನ್ನೊಂದಕ್ಕೆ ಜಿಗಿಯುತ್ತದೆ. ಮೂರನೆಯ ಸಾಧ್ಯತೆಯೂ ಉಂಟು. ಮೇಲಧಿಕಾರಿಯೊಬ್ಬರು ಭಾಷೆಯನ್ನೋ, ಹೆಣ್ಣೆಂಬುದನ್ನೋ, ಜಾತಿಯನ್ನೋ ಎತ್ತಿ ಹಂಗಿಸುತ್ತಿದ್ದರೆ ದೋಷವಿರುವುದು ಆ ಕಚೇರಿಯಲ್ಲಿ. ಅದನ್ನು ಮನಸ್ಸಿನ ದೌರ್ಬಲ್ಯವೆಂದು ತನ್ನ ಮೇಲೆ ಹೊತ್ತುಕೊಳ್ಳುವುದು ಸಲ್ಲದು.

ಚಕ್ರವನ್ನು ಬಿಡಿಸುವ ಬಗೆ

ಮೊದಲನೆಯದು ಬರಹ. ಮೇಲಿನ ಅಧಿಕಾರಿ ಒಂದು ಚಿಕ್ಕ ಪುಸ್ತಕವನ್ನಿಟ್ಟುಕೊಂಡು, ಕೆಲಸಕ್ಕೆ ಮೊದಲು ತಾನು ಏನಾಗುವುದೆಂದು ಭಯಪಡುತ್ತಿದ್ದೇನೆಂಬುದನ್ನು ಬರೆಯಬೇಕು. ಕೆಲಸ ಮುಗಿದ ಮೇಲೆ ನಡೆದದ್ದೇನು, ಅದರಲ್ಲಿ ತನ್ನ ಯಾವ ತಿಳಿವು ಉಪಯೋಗಕ್ಕೆ ಬಂದಿತು ಎಂಬುದನ್ನು ಅದರ ಎದುರಿಗೇ ಬರೆಯಬೇಕು. 'ಮಾಲೀಕರ ದಾಸ್ತಾನು ವಹಿವಾಟಿಗಿಂತ ಬೇಗನೆ ಬೆಳೆಯುತ್ತಿರುವುದನ್ನು ಗಮನಿಸಿ ಕೇಳಿದೆ' ಎಂಬಂತಹ ಒಂದು ಸಾಲು ಸಾಕು. ಇದನ್ನು ನೆನಪಿಗೆ ಬಿಟ್ಟರೆ ಮತ್ತೆ ಸಸ್ಪೆನ್ಸ್ ಖಾತೆಗೇ ಹೋಗುತ್ತದೆ.

ಎರಡನೆಯದು ಸಿದ್ಧತೆಯನ್ನು ಅಳತೆಯಿಂದ ಕಡಿಮೆ ಮಾಡುವುದು. ನಾಲ್ಕು ಸಲದ ಲೆಕ್ಕವನ್ನು ಒಮ್ಮೆಗೇ ಬಿಡಬೇಕಾಗಿಲ್ಲ. ಎರಡು ಸಲ ಮಾಡಿ, ಬ್ಯಾಂಕಿನ ಪದ್ಧತಿಯಂತೆ ಇನ್ನೊಬ್ಬ ಅಧಿಕಾರಿಯಿಂದ ಒಮ್ಮೆ ತಾಳೆ ನೋಡಿಸಿದರೆ ಸಾಕು. ಮೊದಲ ಕೆಲವು ಸಲ ಆತಂಕ ಹೆಚ್ಚುತ್ತದೆ. ಅದು ಕೆಡುಕಿನ ಸೂಚನೆಯಲ್ಲ. ಎರಡೇ ಸಲ ನೋಡಿದರೂ ಕೆಲಸ ಕೆಡಲಿಲ್ಲವೆಂಬುದು ಹಲವು ಬಾರಿ ಕಂಡಾಗ, 'ನಾಲ್ಕು ಸಲ ನೋಡಿದ್ದರಿಂದ ಪಾರಾದೆ' ಎಂಬ ವಾದಕ್ಕೆ ಆಧಾರ ಉಳಿಯುವುದಿಲ್ಲ. ಅತಿ ಸಿದ್ಧತೆಯನ್ನು ಬಿಡದೆ ಈ ಪರೀಕ್ಷೆ ನಡೆಯುವಂತೆಯೇ ಇಲ್ಲ.

ಮೂರನೆಯದು ಮಾತು. ಕ್ಲಾನ್ಸ್ ಮತ್ತು ಐಮ್ಸ್ ಅವರು ಇಂತಹವರನ್ನು ಗುಂಪಾಗಿ ಕೂರಿಸಿದಾಗ ಬಹಳ ಪ್ರಯೋಜನವಾಯಿತೆಂದು ಹೇಳಿದ್ದಾರೆ; ಒಬ್ಬರು ಗುಟ್ಟು ಬಿಚ್ಚಿದೊಡನೆ ಉಳಿದವರಿಗೆ ತಾವು ಒಂಟಿಯಲ್ಲವೆಂಬುದು ತಿಳಿಯಿತು. ಕಚೇರಿಯಲ್ಲಿ ಅಂತಹ ಗುಂಪು ಸಿಗದು. ಆದರೆ ಒಬ್ಬರು ಸಾಕು. ನೇರ ಮೇಲಧಿಕಾರಿಗಿಂತ, ಅದೇ ಹುದ್ದೆಯನ್ನು ದಾಟಿ ಹೋದ, ಬೇರೆ ಶಾಖೆಯಲ್ಲಿರುವ ಅಥವಾ ನಿವೃತ್ತರಾದ ಹಿರಿಯರು ಮೇಲು. ಅವರು ಸಂಘದಲ್ಲಿಯೇ ಸಿಗಬಹುದು. 'ಸಾರ್, ಈ ಹುದ್ದೆಗೆ ಬಂದ ಮೇಲೆ ಸಹಿ ಹಾಕುವಾಗಲೆಲ್ಲ ಕೈ ತಡೆಯುತ್ತದೆ. ನಿಮಗೂ ಮೊದಲ ವರ್ಷ ಹೀಗಾಗಿತ್ತೇ?' ಎಂದು ಕೇಳಿದರೆ ಸಾಕು. ಕೇಳಿದವರು 'ಬಿಡಿ, ನೀವು ಎಂಥ ಜಾಣರು!' ಎಂದು ಹೊಗಳಿ ಮುಗಿಸಿದರೆ ಉಪಯೋಗವಿಲ್ಲ. ಆ ಮಾತೂ ವೇಷಕ್ಕೇ ಸಲ್ಲುತ್ತದೆ. ಅವರು ತಮ್ಮ ಮೊದಲ ವರ್ಷದ ಅಳುಕನ್ನು, ತಪ್ಪಿದ ಒಂದು ಸಾಲವನ್ನು ಕುರಿತು ಹೇಳಿದರೆ ಅದು ಒಳಗಿರುವವರಿಗೆ ತಲುಪುತ್ತದೆ. ಹಿರಿಯರೂ ಇದನ್ನು ಗಮನದಲ್ಲಿಡುವುದು ಒಳಿತು.

ವೈದ್ಯರ ಬಳಿಗೆ ಯಾವಾಗ?

ಸೋಗಿನ ಭಯ ಕೆಲಸದ ಸುತ್ತಲೇ ಸುಳಿದಾಡುತ್ತದೆ. ಭಾನುವಾರ ಮಕ್ಕಳೊಡನೆ ಇರುವಾಗ, ಸಂಗೀತ ಕೇಳುವಾಗ ಮನಸ್ಸು ಹಗುರವಾಗುತ್ತದೆ. ಹಾಗಾಗದೆ ದಿನದ ಬಹುಭಾಗ ಮನಸ್ಸು ಕುಗ್ಗಿದ್ದು, ಯಾವುದರಲ್ಲಿಯೂ ರುಚಿಯಿಲ್ಲದೆ, ನಿದ್ರೆ ಹಸಿವುಗಳು ಕೆಟ್ಟು, ಇದು ಎರಡು ವಾರ ಮುಂದುವರಿದರೆ ಅದು ಖಿನ್ನತೆಯಾಗಿರಬಹುದು. ಆಗ ಪುಸ್ತಕದ ಬರಹವಾಗಲಿ ಹಿರಿಯರ ಮಾತಾಗಲಿ ಸಾಲದು, ವೈದ್ಯರನ್ನು ಕಾಣಬೇಕು. ಬದುಕು ಬೇಡವೆಂಬ ಯೋಚನೆ ಸುಳಿದರೆ ಎರಡು ವಾರ ಕಾಯುವುದೂ ಸಲ್ಲದು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ ದೊರೆಯುವ ಈ ಸೇವೆ ಕನ್ನಡದಲ್ಲಿಯೂ ಲಭ್ಯ. ಪರಸ್ಥಳದಲ್ಲಿದ್ದು ಮನಸ್ಸಿನ ಮಾತನ್ನು ತಾಯ್ನುಡಿಯಲ್ಲಿ ಹೇಳಿಕೊಳ್ಳಬಯಸುವವರು ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.