ನ್ಯೂಟನ್ ಕೇಳಿದ್ದಕ್ಕೆ ಪೌಂಡ್ ಕೊಟ್ಟರು

ಶಾಲೆಯ ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ವಿಜ್ಞಾನದ ಬಗ್ಗೆ ಮೂರು ನಿಮಿಷ ಮಾತಾಡಬೇಕಾದ ವಿದ್ಯಾರ್ಥಿಗೆ ಒಂದು ಕಥೆ ಯಾವಾಗಲೂ ಸಿದ್ಧವಾಗಿ ಸಿಗುತ್ತದೆ. 1999ರಲ್ಲಿ ಅಮೆರಿಕದ ನಾಸಾ ಮಂಗಳಕ್ಕೆ ಕಳಿಸಿದ್ದ ನೌಕೆಯೊಂದು ನಾಶವಾಯಿತು. ಒಂದು ತಂಡ ಮೆಟ್ರಿಕ್ ಪದ್ಧತಿಯಲ್ಲಿ ಲೆಕ್ಕ ಹಾಕಿತ್ತು, ಇನ್ನೊಂದು ಬ್ರಿಟಿಷ್ ಪದ್ಧತಿಯಲ್ಲಿ. ಆದ್ದರಿಂದ ಗೆಳೆಯರೇ, ಉತ್ತರದ ಮುಂದೆ ಏಕಮಾನ ಬರೆಯಲು ಮರೆಯಬೇಡಿ. ಚಪ್ಪಾಳೆ, ಆಮೇಲೆ ರಾಷ್ಟ್ರಗೀತೆ.

ಕಥೆ ಸುಳ್ಳಲ್ಲ. ಆದರೆ ಸಾಲಿನಲ್ಲಿ ನಿಂತ ತರಲೆ ಹುಡುಗನೊಬ್ಬ, ‘ಆ ನೌಕೆ ಒಂಬತ್ತು ತಿಂಗಳು ಹಾರಿತಲ್ಲ, ಅಷ್ಟೂ ದಿನ ಯಾರಿಗೂ ಗೊತ್ತಾಗಲಿಲ್ಲವಾ?’ ಎಂದು ಕೇಳಿಬಿಟ್ಟರೆ ಭಾಷಣಕಾರ ತಬ್ಬಿಬ್ಬಾಗುವುದು ಖಂಡಿತ. ನಿಜವಾದ ಕಥೆ ಇರುವುದೇ ಆ ಪ್ರಶ್ನೆಯಲ್ಲಿ.

ನೌಕೆಯ ಹೆಸರು ಮಾರ್ಸ್ ಕ್ಲೈಮೇಟ್ ಆರ್ಬಿಟರ್. ಮಂಗಳನ ಸುತ್ತ ತಿರುಗುತ್ತಾ ಅಲ್ಲಿನ ಹವೆಯನ್ನು ಗಮನಿಸುವುದು ಅದರ ಕೆಲಸ. ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ಡೆನ್ವರ್ ಘಟಕ ಅದನ್ನು ಕಟ್ಟಿತ್ತು, ಹಾರಾಟದ ವೇಳೆ ಅದರ ಆರೋಗ್ಯ ನೋಡಿಕೊಳ್ಳುತ್ತಿದ್ದವರೂ ಅಲ್ಲಿನ ಎಂಜಿನಿಯರುಗಳೇ. ದಾರಿ ಲೆಕ್ಕ ಹಾಕುವ ಹೊಣೆ ಮಾತ್ರ ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿರುವ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯದು. 1998ರ ಡಿಸೆಂಬರ್ 11ರಂದು ನೌಕೆ ಭೂಮಿ ಬಿಟ್ಟಿತು.

ದಾರಿಯುದ್ದಕ್ಕೂ ಅದಕ್ಕೊಂದು ಸಣ್ಣ ಕಿರುಕುಳವಿತ್ತು. ಅದರ ಸೌರಫಲಕ ಇದ್ದದ್ದು ಒಂದೇ ಬದಿಯಲ್ಲಿ. ಬೆಳಕಿಗೂ ತಳ್ಳುವ ಶಕ್ತಿ ಉಂಟು, ಅತ್ಯಲ್ಪವಾದರೂ ಉಂಟು. ಒಂದೇ ಬದಿಯ ಫಲಕದ ಮೇಲೆ ಬಿಸಿಲು ಸದಾ ಬೀಳುತ್ತಿದ್ದರೆ ನೌಕೆ ನಿಧಾನವಾಗಿ ತಿರುಚಿಕೊಳ್ಳಲು ನೋಡುತ್ತದೆ. ಅದನ್ನು ತಡೆಯಲು ನೌಕೆಯೊಳಗೆ ಮೋಟಾರಿನಿಂದ ಸುತ್ತುವ ಚಕ್ರಗಳಿದ್ದವು. ನೌಕೆ ತಿರುಗಲು ಹೊರಟಂತೆಲ್ಲ ಚಕ್ರಗಳು ಆ ತಿರುಗುವಿಕೆಯನ್ನು ತಮ್ಮೊಳಗೆ ತೆಗೆದುಕೊಂಡು ಇನ್ನಷ್ಟು ವೇಗವಾಗಿ ಸುತ್ತುತ್ತವೆ. ಆದರೆ ಚಕ್ರದ ವೇಗಕ್ಕೂ ಮಿತಿಯಿದೆ. ಮಿತಿ ಹತ್ತಿರವಾದಾಗ ಥ್ರಸ್ಟರ್ ಎಂಬ ಪುಟ್ಟ ರಾಕೆಟ್‌ಗಳನ್ನು ಕೆಲವು ಕ್ಷಣ ಉರಿಸಿ, ನೌಕೆಯನ್ನು ಸ್ಥಿರವಾಗಿ ಹಿಡಿದು, ಚಕ್ರಗಳ ವೇಗ ಇಳಿಸಬೇಕು. ದಾರಿ ನೋಡುವ ತಂಡ ಅಂದುಕೊಂಡಿದ್ದಕ್ಕಿಂತ ಹತ್ತರಿಂದ ಹದಿನಾಲ್ಕು ಪಟ್ಟು ಹೆಚ್ಚು ಸಲ ಈ ಕೆಲಸ ಮಾಡಬೇಕಾಗಿ ಬಂತು.

ಥ್ರಸ್ಟರ್ ಉರಿದಾಗಲೆಲ್ಲ ನೌಕೆಯ ದಾರಿಯೂ ಕೂದಲೆಳೆಯಷ್ಟು ಸರಿಯುತ್ತದೆ. ಎಷ್ಟು ಸರಿಯಿತು ಎಂದು ತಿಳಿಯಲು ಎಷ್ಟು ಬಲ ಎಷ್ಟು ಹೊತ್ತು ತಳ್ಳಿತು ಎಂಬುದು ಗೊತ್ತಿರಬೇಕು. ಡೆನ್ವರ್‌ನ ಕಂಪ್ಯೂಟರಿನಲ್ಲಿದ್ದ ಒಂದು ಪ್ರೋಗ್ರಾಂ ಈ ಗುಣಲಬ್ಧವನ್ನು ಲೆಕ್ಕ ಹಾಕಿ, ಫೈಲ್ ಮಾಡಿ, ಪಸಡೀನಾಕ್ಕೆ ಕಳಿಸುತ್ತಿತ್ತು. ಫೈಲಿನ ಅಂಕಿಗಳು ನ್ಯೂಟನ್-ಸೆಕೆಂಡ್‌ನಲ್ಲಿ ಇರಬೇಕೆಂದು ಎರಡೂ ಕಡೆಯವರು ಒಪ್ಪಿದ್ದ ಲಿಖಿತ ನಿಯಮವಿತ್ತು. ಬಂದದ್ದು ಪೌಂಡ್-ಸೆಕೆಂಡ್‌ನಲ್ಲಿ.

ಒಂದು ಪೌಂಡ್ ಬಲವೆಂದರೆ 4.45 ನ್ಯೂಟನ್. ಅಂದರೆ ಪ್ರತಿ ತಳ್ಳುವಿಕೆಯೂ ನಿಜಕ್ಕಿಂತ ನಾಲ್ಕೂವರೆ ಪಟ್ಟು ಚಿಕ್ಕದಾಗಿ ಕಾಣಿಸಿತು. ಇದರ ಪರಿಣಾಮವನ್ನು ಸಭೆಯ ಕರಿಹಲಗೆಯ ಮೇಲೇ ಲೆಕ್ಕ ಮಾಡಿ ತೋರಿಸಬಹುದು. ನೌಕೆಯ ತೂಕ ಸುಮಾರು 630 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಥ್ರಸ್ಟರ್ ಒಂದು ಪೌಂಡ್-ಸೆಕೆಂಡ್‌ನಷ್ಟು ತಳ್ಳಿದರೆ ವೇಗ ಸೆಕೆಂಡಿಗೆ 7 ಮಿಲಿಮೀಟರ್ ಬದಲಾಗುತ್ತದೆ. ಫೈಲಿನಲ್ಲಿರುವ ‘1’ ಅನ್ನು ನ್ಯೂಟನ್-ಸೆಕೆಂಡ್ ಎಂದು ಓದಿದವರಿಗೆ ಸಿಗುವ ಉತ್ತರ 1.6 ಮಿಲಿಮೀಟರ್. ವ್ಯತ್ಯಾಸ ಐದೂವರೆ ಮಿಲಿಮೀಟರ್, ಇರುವೆಯ ನಡಿಗೆಗಿಂತ ನಿಧಾನ. ಆದರೆ ಅಂತರಿಕ್ಷದಲ್ಲಿ ಈ ವೇಗವನ್ನು ತಡೆಯುವ ಗಾಳಿಯಿಲ್ಲ, ನೆಲವಿಲ್ಲ. ದಿನಕ್ಕೆ 470 ಮೀಟರ್‌ನಂತೆ ನಾಲ್ಕು ತಿಂಗಳು ಹೀಗೇ ಬಿಟ್ಟರೆ ಒಂದೇ ತಳ್ಳುವಿಕೆಯ ತಪ್ಪು ಐವತ್ತು ಕಿಲೋಮೀಟರ್ ದಾಟುತ್ತದೆ.

ತಪ್ಪು ನುಸುಳಿದ ಬಗೆಯೂ ಕುತೂಹಲದ್ದು. ಆ ಪ್ರೋಗ್ರಾಂ ಹೊಸದಾಗಿ ಬರೆದದ್ದಲ್ಲ. ಅದಕ್ಕೂ ಮೊದಲಿನ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆಗಾಗಿ ಬರೆದದ್ದನ್ನೇ ತಿದ್ದಿ ಬಳಸಿದ್ದರು. ಹಳೆಯದರಲ್ಲಿ 4.45ರಿಂದ ಗುಣಿಸುವ ಕೆಲಸ ಸರಿಯಾಗಿಯೇ ನಡೆಯುತ್ತಿತ್ತು. ಆದರೆ ಆ ಸಂಖ್ಯೆ ಸಮೀಕರಣದೊಳಗೆ ಹೂತುಹೋಗಿತ್ತು, ‘ಇದು ಪೌಂಡನ್ನು ನ್ಯೂಟನ್ ಮಾಡಲು’ ಎಂಬ ಟಿಪ್ಪಣಿ ಕಣ್ಣಿಗೆ ಬೀಳುವಂತೆ ಇರಲಿಲ್ಲ. ಹೊಸ ನೌಕೆಯ ಥ್ರಸ್ಟರ್ ಬೇರೆ ಅಳತೆಯದು. ಅದರ ಸಮೀಕರಣವನ್ನು ತಯಾರಕರು ಪೌಂಡ್ ಲೆಕ್ಕದಲ್ಲೇ ಕೊಟ್ಟರು. ಹಳೆಯ ಸಮೀಕರಣ ತೆಗೆದು ಹೊಸದನ್ನು ಕೂರಿಸಿದಾಗ ಹಳೆಯದರ ಜೊತೆ 4.45 ಕೂಡ ಹೊರಟುಹೋಯಿತು. ನಿಯಮದ ಪ್ರಕಾರ ಫೈಲ್ ಬರುತ್ತಿದೆಯೇ ಎಂದು ಆರಂಭದಿಂದ ಕೊನೆಯವರೆಗೆ ಓಡಿಸಿ ನೋಡುವ ಪರೀಕ್ಷೆ ನಡೆದಂತೆ ಕಾಣಲಿಲ್ಲ ಎಂದು ತನಿಖಾ ಮಂಡಳಿ ಆಮೇಲೆ ಬರೆಯಿತು.

ಇನ್ನು ತರಲೆ ಹುಡುಗನ ಪ್ರಶ್ನೆ. ಗೊತ್ತಾಗಲಿಲ್ಲವೇ? ಅರೆಬರೆಯಾಗಿ ಗೊತ್ತಾಗಿತ್ತು.

ಮೊದಲ ನಾಲ್ಕು ತಿಂಗಳು ಈ ಫೈಲುಗಳು ಬೇರೆ ದೋಷಗಳಿಂದಾಗಿ ಬಳಕೆಗೇ ಬರುವಂತಿರಲಿಲ್ಲ. ಥ್ರಸ್ಟರ್ ಯಾವಾಗ ಉರಿಯಿತು ಎಂಬ ಇಮೇಲ್ ನೋಡಿಕೊಂಡು ತಂಡ ತನ್ನದೇ ಅಂದಾಜು ಮಾಡುತ್ತಿತ್ತು. ಏಪ್ರಿಲ್‌ನಲ್ಲಿ ಫೈಲುಗಳು ಸರಿಯಾಗಿ ಬರತೊಡಗಿದ ವಾರದೊಳಗೇ, ಅಂಕಿಗಳು ಇರಬೇಕಾದ್ದಕ್ಕಿಂತ ಚಿಕ್ಕದಾಗಿವೆ ಎಂಬ ಅನುಮಾನ ಹುಟ್ಟಿತು. ಆದರೆ ಅದು ಇಮೇಲ್‌ಗಳಲ್ಲಿ, ಮಾತುಕತೆಗಳಲ್ಲಿ ಓಡಾಡಿತೇ ಹೊರತು, ದೋಷವನ್ನು ದಾಖಲಿಸಿ ಉತ್ತರ ಸಿಗುವವರೆಗೆ ಬೆನ್ನುಹತ್ತುವ ಅಧಿಕೃತ ದಾರಿಗೆ ಇಳಿಯಲಿಲ್ಲ.

ಭೂಮಿಯಿಂದ ನೋಡಿ ತಪ್ಪು ಹಿಡಿಯಬಹುದಿತ್ತಲ್ಲ ಎನ್ನಬಹುದು. ನೌಕೆ ಕಳಿಸುವ ರೇಡಿಯೊ ತರಂಗದ ಆವರ್ತನ ಎಷ್ಟು ಬದಲಾಗಿದೆ ಎಂದು ನೋಡಿ ಅದರ ವೇಗ ಅಳೆಯುತ್ತಾರೆ. ಈ ವಿಧಾನ ನಮ್ಮತ್ತ ಬರುವ ಅಥವಾ ನಮ್ಮಿಂದ ದೂರ ಹೋಗುವ ವೇಗವನ್ನು ಅತ್ಯಂತ ನಿಖರವಾಗಿ ಹೇಳುತ್ತದೆ. ಅಡ್ಡಕ್ಕೆ ಸರಿಯುವುದರ ಬಗ್ಗೆ ಮಾತ್ರ ಅದಕ್ಕೆ ಕಣ್ಣು ಮಂಜು. ದುರದೃಷ್ಟವೆಂದರೆ ಈ ಪುಟ್ಟ ತಳ್ಳುವಿಕೆಗಳು ಬಹುಪಾಲು ಅಡ್ಡಕ್ಕೇ ಇದ್ದವು. ಅದನ್ನು ತುಂಬಿಕೊಡಬೇಕಾಗಿದ್ದದ್ದೇ ಡೆನ್ವರ್‌ನ ಫೈಲ್.

1999ರ ಸೆಪ್ಟೆಂಬರ್ 15ರಂದು ನಾಲ್ಕನೆಯ ಸಲ ದಾರಿ ತಿದ್ದಿದರು. ಮಂಗಳನ ನೆಲದಿಂದ 226 ಕಿಲೋಮೀಟರ್ ಎತ್ತರದಲ್ಲಿ ನೌಕೆ ಸಾಗಬೇಕು ಎಂಬುದು ಗುರಿ. ಮುಂದಿನ ದಿನಗಳಲ್ಲಿ ಅಂದಾಜು 150–170 ಕಿಲೋಮೀಟರಿಗೆ ಇಳಿಯಿತು. ಮಂಗಳ ತಲುಪಲು ಒಂದು ದಿನ ಇರುವಾಗ 110. ಐದನೆಯ ತಿದ್ದುಪಡಿಯ ಮಾತು ಬಂದಿತ್ತು, ಆದರೆ ಮಾಡಲಿಲ್ಲ. 80 ಕಿಲೋಮೀಟರಿಗಿಂತ ಕೆಳಗೆ ಇಳಿಯದಿದ್ದರೆ ನೌಕೆ ಬದುಕುತ್ತದೆ ಎಂಬ ಲೆಕ್ಕವಿತ್ತಲ್ಲ!

ಸೆಪ್ಟೆಂಬರ್ 23ರಂದು ದೊಡ್ಡ ಎಂಜಿನ್ ಉರಿಯಿತು. ನೌಕೆ ಮಂಗಳನ ಮರೆಗೆ ಸರಿದು ರೇಡಿಯೊ ಸಂಪರ್ಕ ಕೆಲವು ನಿಮಿಷ ಕಡಿಯಬೇಕಾಗಿತ್ತು. ಅದು 49 ಸೆಕೆಂಡ್ ಮೊದಲೇ ಕಡಿಯಿತು. ಮತ್ತೆ ಬರಲಿಲ್ಲ. ಆಮೇಲೆ ಹಾಕಿದ ಲೆಕ್ಕದಲ್ಲಿ ನೌಕೆ ಇದ್ದ ಎತ್ತರ 57 ಕಿಲೋಮೀಟರ್, ಗುರಿಗಿಂತ ಸುಮಾರು 170 ಕಿಲೋಮೀಟರ್ ಕೆಳಗೆ. ಮಂಗಳನ ತೆಳು ಗಾಳಿಯೂ ಆ ವೇಗದಲ್ಲಿ ಅದನ್ನು ಉಳಿಸುವಂತಿರಲಿಲ್ಲ.

ಒಂಬತ್ತು ತಿಂಗಳು ಅಡಗಿದ್ದ ತಪ್ಪು ಸಿಕ್ಕಿಬೀಳಲು ಆಮೇಲೆ ಒಂದು ವಾರವೂ ಬೇಕಾಗಲಿಲ್ಲ. ಸೆಪ್ಟೆಂಬರ್ 27ರಂದು ಎರಡೂ ತಂಡಗಳು ಅಂಕಿಗಳನ್ನು ಎದುರುಬದುರು ಇಟ್ಟುಕೊಂಡು ಚರ್ಚೆಗಿಳಿದವು. 29ರಂದು 4.45 ಎಂಬ ಅನುಪಾತ ಕಂಡಿತು. ಮೂಲ ಕಾರಣ ಏಕಮಾನ ಎಂದು ನವೆಂಬರ್ 10ರ ವರದಿ ಹೇಳಿತು. ಅಷ್ಟಕ್ಕೇ ನಿಲ್ಲದೆ ಇನ್ನೂ ಎಂಟು ಕಾರಣಗಳನ್ನು ಸೇರಿಸಿತು: ದಾರಿ ನೋಡುವ ತಂಡಕ್ಕೆ ಈ ನೌಕೆಯ ಪರಿಚಯ ಸಾಲದು, ಜನ ಸಾಲದು, ತರಬೇತಿ ಸಾಲದು, ತಂಡಗಳ ನಡುವೆ ಮಾತು ಸಾಲದು, ಹೀಗೆ.

ಇಂಥ ತಪ್ಪಿನ ಇನ್ನೊಂದು ಹೆಸರಾಂತ ಉದಾಹರಣೆ ಕೆನಡಾದ್ದು. ಆ ದೇಶ ಮೆಟ್ರಿಕ್‌ಗೆ ಬದಲಾಗುತ್ತಿದ್ದ ಕಾಲ. 1983ರ ಜುಲೈ 23ರಂದು ಮಾಂಟ್ರಿಯಲ್‌ನಿಂದ ಎಡ್ಮಂಟನ್‌ಗೆ ಹೊರಟಿದ್ದ ಏರ್ ಕೆನಡಾದ ಬೋಯಿಂಗ್ 767ಕ್ಕೆ 22,300 ಕಿಲೋಗ್ರಾಂ ಇಂಧನ ಬೇಕಿತ್ತು. ಇಂಧನ ತೋರಿಸುವ ಮಾಪಕ ಕೆಟ್ಟಿದ್ದರಿಂದ ಟ್ಯಾಂಕಿಗೆ ಕಡ್ಡಿ ಇಳಿಸಿ ಅಳೆದರು, 7,682 ಲೀಟರ್ ಸಿಕ್ಕಿತು. ಅದನ್ನು 1.77ರಿಂದ ಗುಣಿಸಿ 13,597 ಕಿಲೋಗ್ರಾಂ ಇದೆ ಎಂದುಕೊಂಡರು. ಆದರೆ 1.77 ಎಂಬುದು ಒಂದು ಲೀಟರಿನ ತೂಕ ಪೌಂಡಿನಲ್ಲಿ, ಕಿಲೋಗ್ರಾಂನಲ್ಲಿ ಅದು 0.8ರಷ್ಟೇ. ಟ್ಯಾಂಕಿನಲ್ಲಿ ನಿಜಕ್ಕೂ ಇದ್ದದ್ದು ಸುಮಾರು 6,200 ಕಿಲೋಗ್ರಾಂ. ಇಪ್ಪತ್ತು ಸಾವಿರ ಲೀಟರ್ ಸೇರಿಸಬೇಕಾದಲ್ಲಿ 4,917 ಲೀಟರ್ ಸೇರಿಸಿದರು. ನಡುವೆ ಒಟ್ಟಾವಾದಲ್ಲಿ ಇಳಿದಾಗ ಮತ್ತೆ ಅಳೆದರು. ಮತ್ತೆ ಅದೇ 1.77ರಿಂದ ಗುಣಿಸಿದ್ದರಿಂದ ಉತ್ತರ ಸರಿಯಾಗಿಯೇ ಕಂಡಿತು. ಆಕಾಶದಲ್ಲಿ ಎರಡೂ ಎಂಜಿನ್ ನಿಂತವು. ಪೈಲಟ್‌ಗಳು ವಿಮಾನವನ್ನು ತೇಲಿಸಿಕೊಂಡು ಬಂದು ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಒಳಗಿದ್ದ 69 ಜನರೂ ಬದುಕಿದರು.

ಎರಡೂ ಕಡೆ ಗುಣಾಕಾರದಲ್ಲಿ ತಪ್ಪಿರಲಿಲ್ಲ. 4.45 ಆಗಲಿ 1.77 ಆಗಲಿ ತಾನು ಯಾವುದನ್ನು ಯಾವುದಕ್ಕೆ ಬದಲಿಸುತ್ತಿದ್ದೇನೆ ಎಂದು ಹೇಳಿಕೊಳ್ಳುವಂತಿರಲಿಲ್ಲ. ಕೆನಡಾದಲ್ಲಿ ಲೆಕ್ಕವನ್ನು ಮತ್ತೆ ಮಾಡಿದ್ದೂ ಉಪಯೋಗಕ್ಕೆ ಬರಲಿಲ್ಲ, ಯಾಕೆಂದರೆ ಪರೀಕ್ಷೆಯಲ್ಲೂ ಅದೇ ಬರಿಯ ಸಂಖ್ಯೆ ಇತ್ತು. ತಪ್ಪನ್ನು ಹಿಡಿಯಲು ಬೇರೆ ದಾರಿಯಿಂದ ಬಂದ ಇನ್ನೊಂದು ಉತ್ತರ ಬೇಕು. ಟ್ಯಾಂಕ್ ಎಷ್ಟು ತುಂಬಿದಂತಿದೆ, ಹೋದ ಸಲ ಎಷ್ಟು ಹಾಕಿದ್ದೆವು, ಒಂದು ತಳ್ಳುವಿಕೆಗೆ ವೇಗ ಸುಮಾರು ಎಷ್ಟು ಬದಲಾಗಬೇಕು ಎಂಬಂಥ ಒರಟು ಅಂದಾಜಾದರೂ ಸಾಕು. ನಾಲ್ಕೂವರೆ ಪಟ್ಟಿನ ತಪ್ಪು ಅಂಥ ಅಂದಾಜಿನ ಎದುರು ನಿಲ್ಲುವುದಿಲ್ಲ.

ಭಾಷಣಗಳಲ್ಲಿ ಇದರ ಜೊತೆಗೇ ಮಾರ್ಸ್ ಪೋಲಾರ್ ಲ್ಯಾಂಡರ್ ಹೆಸರೂ ಬಂದುಬಿಡುವುದುಂಟು. ಅದೂ 1999ರಲ್ಲೇ, ಡಿಸೆಂಬರ್ 3ರಂದು, ಮಂಗಳದಲ್ಲಿ ಇಳಿಯುವಾಗ ಕಳೆದುಹೋಯಿತು. ಅದಕ್ಕೂ ಪೌಂಡಿಗೂ ಸಂಬಂಧವಿಲ್ಲ. ಕಾಲುಗಳು ಬಿಚ್ಚಿಕೊಂಡ ಕುಲುಕಾಟವನ್ನೇ ನೆಲ ಮುಟ್ಟಿದ ಸೂಚನೆ ಎಂದು ತಿಳಿದು ಎಂಜಿನ್ ಆರಿಸಿಬಿಟ್ಟಿರಬೇಕು ಎಂಬುದು ತನಿಖೆಯ ತೀರ್ಮಾನ.

ಆರ್ಬಿಟರ್ ನೌಕೆಗೆ ತಗುಲಿದ ಖರ್ಚು 12.5 ಕೋಟಿ ಡಾಲರ್ ಎಂದು ಎಲ್ಲರೂ ಹೇಳುತ್ತಾರೆ. ಮಂಗಳನ ಹವೆಯನ್ನು ಓದಲು ಹೊರಟವರ ನಷ್ಟ ಬೇರೆಯದು. ಅವರ ಮುಖ್ಯ ಉಪಕರಣ 1993ರಲ್ಲಿ ಮಾರ್ಸ್ ಅಬ್ಸರ್ವರ್ ನೌಕೆಯ ಜೊತೆ ಒಮ್ಮೆ ಕಳೆದುಹೋಗಿತ್ತು, ಇದು ಎರಡನೆಯ ಸಲ. ಅದರ ಮುಂದಿನ ಪೀಳಿಗೆಯ ಉಪಕರಣ ಮಾರ್ಸ್ ಕ್ಲೈಮೇಟ್ ಸೌಂಡರ್ ಇನ್ನೊಂದು ನೌಕೆಯೇರಿ ಮಂಗಳನ ಕಕ್ಷೆ ಸೇರಿದ್ದು 2006ರ ಮಾರ್ಚ್‌ನಲ್ಲಿ.