ಕಾಜ ಎಲ್ಲಿ ಬೀಳಬೇಕು?

ಹೊಸ ಷರ್ಟು ನಿಂತಾಗ ಚೆನ್ನಾಗಿಯೇ ಕಾಣುತ್ತದೆ. ಕುರ್ಚಿಯಲ್ಲಿ ಕುಳಿತ ಕೂಡಲೇ ಹೊಟ್ಟೆಯ ಹತ್ತಿರ ಎರಡು ಗುಂಡಿಗಳ ನಡುವೆ ಪಟ್ಟಿ ಬಾಯಿಬಿಟ್ಟು ಬನಿಯನ್ ಇಣುಕುತ್ತದೆ. ಬಿಗಿಯಾಗಿ ಹೊಲಿದಿದ್ದಾರೆಂದು ಟೈಲರನ್ನು ದೂರುತ್ತೇವೆ. ಎಷ್ಟೋ ಸಲ ಸುತ್ತಳತೆ ಸರಿಯಾಗಿಯೇ ಇರುತ್ತದೆ, ಕಾಜ ಬಿದ್ದ ಜಾಗ ತಪ್ಪಿರುತ್ತದೆ.

ಮುಂಪಟ್ಟಿಯ ಉದ್ದವನ್ನು ಗುಂಡಿಗಳ ಸಂಖ್ಯೆಯಿಂದ ಭಾಗಿಸಿ ಗುರುತು ಹಾಕಿದರೆ ಆಗುವುದು ಇದೇ. ಬಟ್ಟೆಗೆ ಎಳೆತ ಬೀಳುವುದು ಎದೆ ಮತ್ತು ಹೊಟ್ಟೆ ಉಬ್ಬಿದ ಕಡೆ. ಆದ್ದರಿಂದ ಮೊದಲು ಆ ಜಾಗಗಳನ್ನು ಹಿಡಿದು, ಉಳಿದ ಕಾಜಗಳನ್ನು ಅವುಗಳಿಗೆ ಹೊಂದಿಸಬೇಕು.

40ರ ಸೈಜಿನ ಒಂದು ಷರ್ಟು ತೆಗೆದುಕೊಳ್ಳಿ. ಕಾಲರ್ ಬ್ಯಾಂಡಿನ ಜೋಡಣೆಯಿಂದ ಕೆಳಗಿನ ಮಡಿಕೆಯವರೆಗೆ ಪಟ್ಟಿ 26 ಇಂಚು ಇದೆ ಎನ್ನಿ. ಸಾಮಾನ್ಯ ಲೆಕ್ಕದಲ್ಲಿ ಜೋಡಣೆಯಿಂದ ಎರಡೂವರೆ ಇಂಚು ಕೆಳಗೆ ಮೊದಲ ಕಾಜ, ಆಮೇಲೆ ಮೂರೂವರೆ ಇಂಚಿಗೊಂದರಂತೆ ಇನ್ನೈದು. ಎರಡನೆಯದು 6 ಇಂಚಿನಲ್ಲಿ, ಹೆಚ್ಚುಕಡಿಮೆ ಎದೆಯ ಗೆರೆಯ ಮೇಲೆಯೇ ಬೀಳುತ್ತದೆ. ಕೊನೆಯದು 20 ಇಂಚಿಗೆ ಬಂದು, ಪ್ಯಾಂಟಿನೊಳಗೆ ಸೇರುವ 6 ಇಂಚು ಖಾಲಿ ಉಳಿಯುತ್ತದೆ. ತೆಳು ಮೈಯವರಿಗೆ ಇಷ್ಟು ಸಾಕು.

ಅದೇ ಷರ್ಟು ಹೊಟ್ಟೆ ಬಂದವರಿಗಾದರೆ? ಹೊಟ್ಟೆಯ ತುದಿ ಜೋಡಣೆಯಿಂದ 15 ಇಂಚು ಕೆಳಗಿದ್ದರೆ, ಕಾಜಗಳು 13ಕ್ಕೆ ಮತ್ತು ಹದಿನಾರೂವರೆಗೆ ಇವೆ. ಎಳೆತ ಹೆಚ್ಚಿರುವ ಜಾಗ ಸರಿಯಾಗಿ ಅವೆರಡರ ನಡುವೆ ಸಿಕ್ಕಿಕೊಂಡಿತು. ಇಲ್ಲಿ ಒಂದು ಗುಂಡಿ ಹೆಚ್ಚಿಸಿ, 3 ಇಂಚಿನಿಂದ ಶುರುಮಾಡಿ 3 ಇಂಚಿಗೊಂದರಂತೆ ಏಳು ಕಾಜ ಹಾಕಿದರೆ 6ಕ್ಕೂ ಒಂದು, 15ಕ್ಕೂ ಒಂದು ಬೀಳುತ್ತದೆ. ಬಟ್ಟೆ ಒಂದಿಷ್ಟೂ ಸಡಿಲಿಸದೆ ಬಾಯಿ ಮುಚ್ಚುತ್ತದೆ.

ಕಾಲರಿನ ಕಾಜ ಅಡ್ಡ, ಪಟ್ಟಿಯವು ಉದ್ದ. ಕತ್ತಿನ ಎಳೆತ ಪಕ್ಕಕ್ಕೆ ಇರುವುದರಿಂದ ಅಡ್ಡ ಕಾಜದ ತುದಿಗೆ ಗುಂಡಿ ಒರಗಿ ನಿಲ್ಲುತ್ತದೆ. ಪಟ್ಟಿ ಕಿರಿದು, ಅದರ ನಡುಗೆರೆಯ ಮೇಲೆ ಉದ್ದ ಕಾಜ ಅಚ್ಚುಕಟ್ಟಾಗಿ ಕೂರುತ್ತದೆ. ಆದರೆ ಉದ್ದ ಕಾಜ ತನ್ನ ಭಾರಕ್ಕೆ ಕೆಳಗೆ ಜಾರಿ, ಗುಂಡಿ ಅದರ ಮೇಲ್ತುದಿಗೆ ಬಂದು ನಿಲ್ಲುತ್ತದೆ. ಗುಂಡಿಯನ್ನು ಕಾಜದ ನಟ್ಟನಡುವೆ ಹೊಲಿದರೆ ಒಂದು ಪಟ್ಟಿ ಇನ್ನೊಂದಕ್ಕಿಂತ ಕಾಲಿಂಚು ಇಳಿದು, ಕೆಳಗಿನ ತುದಿಗಳು ಹೊಂದುವುದಿಲ್ಲ. ಅದಕ್ಕೇ ತಿಳಿದವರು ಮೊದಲು ಕಾಜ ಮುಗಿಸಿ, ಎರಡು ಪಟ್ಟಿಗಳನ್ನೂ ಒಂದರ ಮೇಲೊಂದು ಸರಿಯಾಗಿಟ್ಟು, ಕಾಜದ ಮೇಲ್ತುದಿಯಿಂದ 3 ಮಿ.ಮೀ. ಕೆಳಗೆ ಗುಂಡಿಗೆ ಗುರುತು ಹಾಕುತ್ತಾರೆ.

ಕಾಜದ ಉದ್ದಕ್ಕೆ ಗುಂಡಿಯ ಅಗಲ ಮಾತ್ರ ನೋಡಿದರೆ ಸಾಲದು, ದಪ್ಪವನ್ನೂ ಕೂಡಿಸಬೇಕು. ಷರ್ಟಿನ ಸಾಮಾನ್ಯ ಗುಂಡಿ ಸುಮಾರು 11 ಮಿ.ಮೀ. ಅಗಲ, 3 ಮಿ.ಮೀ. ದಪ್ಪವಿದ್ದರೆ ಸೀಳು 14 ಮಿ.ಮೀ. ಬೇಕು. ಅದೇ ಬಟ್ಟೆಯ ತುಂಡಿನಲ್ಲಿ, ಒಳಗೆ ಅದೇ ಕ್ಯಾನ್ವಾಸ್ ಇಟ್ಟು, ಒಂದು ಕಾಜ ಮಾಡಿ ಗುಂಡಿ ತೂರಿಸಿ ನೋಡುವುದು ಎಲ್ಲಕ್ಕಿಂತ ಖಾತ್ರಿ.

ಇನ್ನು ಹೊಲಿಗೆ. ಕಾಜದ ಮಿಷನ್ನು ಮೊದಲು ಹೊಲಿಯುತ್ತದೆ, ಆಮೇಲೆ ಕತ್ತರಿಸುತ್ತದೆ. ಎರಡು ಬದಿಗೂ ಒತ್ತಾದ ಅಂಕುಡೊಂಕು ಹೊಲಿಗೆ, ಎರಡು ತುದಿಗೂ ಅಡ್ಡ ಬಿಗಿ, ಕೊನೆಗೆ ನಡುವೆ ಚಾಕು ಬೀಳುತ್ತದೆ. ಎಲ್ಲ ಮುಗಿಯಲು ಕೆಲವೇ ಸೆಕೆಂಡು ಸಾಕು. ಆದರೆ ಹೊಲಿಗೆಯ ನಂತರ ಕತ್ತರಿಸಿದ್ದರಿಂದ ಬಟ್ಟೆಯ ಎಳೆಗಳ ತುದಿ ಬರಿದಾಗಿಯೇ ಉಳಿಯುತ್ತವೆ. ಚಾಕು ಮೊಂಡಾಗಿದ್ದರೆ ಅಂಚಿನಲ್ಲಿ ನಾರು ಏಳುತ್ತದೆ. ಚಾಕು ಒಂದು ಬದಿಗೆ ವಾಲಿ ಹೊಲಿಗೆಯ ದಾರವನ್ನೇ ತಾಕಿದ್ದರೆ ಕೆಲವು ಒಗೆತಕ್ಕೆ ಆ ಸಾಲು ಬಿಚ್ಚುತ್ತದೆ. ಷರ್ಟು ಕೊಳ್ಳುವಾಗ ಕಾಜವನ್ನು ಬೆಳಕಿಗೆ ಹಿಡಿದು ಬೆರಳಿನಿಂದ ಅಗಲಿಸಿದರೆ ಇವೆರಡೂ ಕಾಣುತ್ತವೆ.

ಕೈಯಲ್ಲಿ ಮಾಡುವ ಕಾಜದಲ್ಲಿ ಕ್ರಮ ತಲೆಕೆಳಗು: ಮೊದಲು ಸೀಳು, ಆಮೇಲೆ ಹೊಲಿಗೆ. ಅಂಚನ್ನು ಸಡಿಲವಾಗಿ ಸುತ್ತಿಕೊಂಡು, ರೇಷ್ಮೆ ದಾರ ಅಥವಾ ಮೇಣ ಹಚ್ಚಿದ ಹತ್ತಿ ದಾರದಿಂದ ಹೊಲಿಗೆಯ ಪಕ್ಕದಲ್ಲೇ ಹೊಲಿಗೆ ಹಾಕುತ್ತಾ ಹೋಗುತ್ತಾರೆ. ಪ್ರತಿ ಹೊಲಿಗೆಯೂ ಸೀಳಿನ ಅಂಚಿನಲ್ಲಿ ಒಂದು ಸಣ್ಣ ಗಂಟಾಗಿ ಕೂರುತ್ತದೆ. ಗುಂಡಿ ಉಜ್ಜುವುದು ಆ ಗಂಟುಗಳ ಸಾಲನ್ನು, ಬಟ್ಟೆಯನ್ನಲ್ಲ. ಬರಿದಾದ ಎಳೆಯೂ ಇರುವುದಿಲ್ಲ. ಇಟಲಿಯ ನೇಪಲ್ಸಿನ ದುಬಾರಿ ಷರ್ಟುಗಳಲ್ಲಿ ಇಂದಿಗೂ ಇದು ನಡೆಯುತ್ತದೆ. ಗುರುತಿಸುವುದು ಸುಲಭ: ಮೇಲ್ಮೈಯಲ್ಲಿ ಗಂಟಿನ ಸಾಲು ತುಸು ಉಬ್ಬಿರುತ್ತದೆ, ಹಿಂಬದಿಯಲ್ಲಿ ಹೊಲಿಗೆ ಸ್ವಲ್ಪ ಏರುಪೇರಾಗಿರುತ್ತದೆ. ಆದರೆ ಒಂದೊಂದಕ್ಕೂ ಹಲವು ನಿಮಿಷ ಬೇಕು. ದಿನವೂ ಆಫೀಸಿಗೆ ಹಾಕುವ ಷರ್ಟಿಗೆ ಹರಿತ ಚಾಕುವಿನ ಮಿಷನ್ ಕಾಜ ಧಾರಾಳವಾಗಿ ಸಾಕು.

ಹೊಲಿದದ್ದು ಕೈಯೋ ಮಿಷನ್ನೋ, ಸೀಳಿದ ಮೇಲೆ ಕಾಜವನ್ನು ಸರಿಸಲಾಗದು. ಗುಂಡಿಯನ್ನು ಬಿಚ್ಚಿ ತುಸು ಆಚೀಚೆ ಹಾಕಬಹುದು, ಅಷ್ಟೇ. ಬಾಯಿಬಿಡುವ ಪಟ್ಟಿಗೆ ಆಮೇಲೆ ಉಳಿಯುವ ಉಪಾಯ ಒಂದೇ: ಆ ಎರಡು ಗುಂಡಿಗಳ ನಡುವೆ ಒಳಗಡೆ ಒಂದು ಟಿಚ್ ಬಟನ್ ಹೊಲಿಸುವುದು. ಅದನ್ನು ತಪ್ಪಿಸಬೇಕೆಂದರೆ ಅಳತೆ ಕೊಡುವ ದಿನ ಟೈಲರಿಗೆ ಕುಳಿತೂ ತೋರಿಸಿ, ಹೊಟ್ಟೆಯ ಗೆರೆಗೆ ಗುರುತು ಹಾಕಿಸಿ.