ಎರಡರಷ್ಟು ಹಾಕಿದರೆ ಎರಡರಷ್ಟು ಬಂದೀತೆ?

ಒಂದು ಕಾರ್ಖಾನೆಯಲ್ಲಿ ಕೆಲಸಗಾರರನ್ನೂ ಯಂತ್ರಗಳನ್ನೂ ಒಟ್ಟಿಗೇ ಎರಡರಷ್ಟು ಮಾಡಿದರೆ ಉತ್ಪಾದನೆ ಎಷ್ಟಾಗುತ್ತದೆ? ಯಂತ್ರಗಳು ಇದ್ದಷ್ಟೇ ಇದ್ದು ಕೆಲಸಗಾರರು ಮಾತ್ರ ಹೆಚ್ಚಿದರೆ? ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಉತ್ತರ ಪ್ರಮಾಣದ ಪ್ರತಿಫಲ, ಎರಡನೆಯದಕ್ಕೆ ಸೀಮಾಂತ ಉತ್ಪನ್ನ. ಒಂದರ ಉತ್ತರವನ್ನು ಇನ್ನೊಂದಕ್ಕೆ ಹಚ್ಚುವುದೇ ಇಲ್ಲಿ ಎಲ್ಲರೂ ಎಡವುವ ಜಾಗ.

ಎರಡನ್ನೂ ಒಂದೇ ಸೂತ್ರದಲ್ಲಿ ನೋಡಬಹುದು. ಅಮೆರಿಕದ ಅರ್ಥಶಾಸ್ತ್ರಜ್ಞ ಪಾಲ್ ಡಗ್ಲಾಸ್ ಮತ್ತು ಗಣಿತಜ್ಞ ಚಾರ್ಲ್ಸ್ ಕಾಬ್ ತಮ್ಮ ದೇಶದ ಕಾರ್ಖಾನೆಗಳ 1899ರಿಂದ 1922ರವರೆಗಿನ ಅಂಕಿಗಳನ್ನು ಹಿಡಿದು 1928ರಲ್ಲಿ ಈ ಉತ್ಪಾದನಾ ಫಲನವನ್ನು ಪ್ರಕಟಿಸಿದರು:

P = 1.01 × L^0.75 × K^0.25

P ಉತ್ಪಾದನೆ, L ದುಡಿಮೆ, K ಬಂಡವಾಳ. 1899ರ ಮಟ್ಟವನ್ನು 100 ಎಂದಿಟ್ಟುಕೊಂಡ ಸೂಚ್ಯಂಕಗಳಿವು. 1920ರಲ್ಲಿ ದುಡಿಮೆ 194, ಬಂಡವಾಳ 407. ಸೂತ್ರಕ್ಕೆ ಹಾಕಿದರೆ 235.8 ಬರುತ್ತದೆ, ಆ ವರ್ಷದ ನಿಜವಾದ ಉತ್ಪಾದನೆ 231.

ಮೊದಲು ಪ್ರಮಾಣದ ಪರೀಕ್ಷೆ. L ಇದ್ದ ಕಡೆ tL, K ಇದ್ದ ಕಡೆ tK ಎಂದು ಬರೆಯಿರಿ. ಗುಣಾಕಾರದಲ್ಲಿ ಘಾತಗಳು ಕೂಡಿಕೊಳ್ಳುವುದರಿಂದ t^0.75 ಮತ್ತು t^0.25 ಸೇರಿ t^1 ಆಗಿ ಹೊರಬರುತ್ತದೆ, ಒಳಗೆ ಹಳೆಯ ಸೂತ್ರವೇ ಉಳಿಯುತ್ತದೆ. ಹೀಗೆ t ಪೂರ್ತಿಯಾಗಿ ಹೊರಗೆ ಬಂದರೆ ಅದು ಸಮಘಾತ ಫಲನ. ಹೊರಬಂದ t ಮೇಲಿನ ಘಾತವೇ ಅದರ ದರ್ಜೆ. ಇಲ್ಲಿ ದರ್ಜೆ 1, ಅಂದರೆ ಪ್ರತಿಫಲ ಸ್ಥಿರ: ಎರಡೂ ಹೂಡುವಳಿ ಎರಡರಷ್ಟಾದರೆ 235.8 ಇದ್ದದ್ದು 471.6 ಆಗುತ್ತದೆ. ದರ್ಜೆ 1ಕ್ಕಿಂತ ಹೆಚ್ಚಿದ್ದರೆ ಪ್ರತಿಫಲ ಏರುತ್ತದೆ, ಕಡಿಮೆಯಿದ್ದರೆ ಇಳಿಯುತ್ತದೆ. ಘಾತಗಳ ಮೊತ್ತ 1.1 ಇದ್ದಿದ್ದರೆ ಎರಡರಷ್ಟು ಹೂಡುವಳಿಗೆ ಸುಮಾರು 2.14ರಷ್ಟು ಉತ್ಪಾದನೆ ಬರುತ್ತಿತ್ತು.

ಎಲ್ಲ ಸೂತ್ರಗಳೂ ಇಷ್ಟು ಸಲೀಸಲ್ಲ. Q = LK + L ಎಂಬುದಕ್ಕೆ ಇದೇ ಪರೀಕ್ಷೆ ಮಾಡಿದರೆ ಮೊದಲ ಭಾಗದಿಂದ t^2, ಎರಡನೆಯದರಿಂದ t ಬರುತ್ತದೆ. ಎರಡಕ್ಕೂ ಸಮಾನವಾದ ಒಂದೇ ಘಾತವಿಲ್ಲ, ಹಾಗಾಗಿ ಇದು ಸಮಘಾತ ಫಲನವಲ್ಲ. ಆದರೂ t ಒಂದಕ್ಕಿಂತ ದೊಡ್ಡದಾದಾಗ ಉತ್ಪಾದನೆ t ಪಟ್ಟಿಗಿಂತ ಹೆಚ್ಚೇ ಆಗುವುದರಿಂದ ಪ್ರತಿಫಲ ಏರುತ್ತಿದೆ ಎನ್ನಲು ಅಡ್ಡಿಯಿಲ್ಲ. ದರ್ಜೆ ಸಿಗಲಿಲ್ಲವೆಂದ ಮಾತ್ರಕ್ಕೆ ಪ್ರಮಾಣದ ಪ್ರಶ್ನೆಯನ್ನು ಕೈಬಿಡಬೇಕಾಗಿಲ್ಲ.

ಇನ್ನು ಸೀಮಾಂತ ಉತ್ಪನ್ನ. ಬಂಡವಾಳವನ್ನು ಕದಲಿಸದೆ ದುಡಿಮೆಯನ್ನಷ್ಟೇ ಚೂರು ಹೆಚ್ಚಿಸಿದಾಗ ಉತ್ಪಾದನೆ ಎಷ್ಟು ಹೆಚ್ಚುತ್ತದೆ ಎಂಬ ಲೆಕ್ಕವಿದು. K ಅನ್ನು ಸ್ಥಿರವಾಗಿಟ್ಟು L ಬಗ್ಗೆ ಅವಕಲನ ಮಾಡಿದರೆ ಘಾತ 0.75 ಮುಂದೆ ಬಂದು ಉತ್ತರ 0.75 × P/L ಎಂದಾಗುತ್ತದೆ. ಬಂಡವಾಳಕ್ಕೆ ಅದೇ ರೀತಿ 0.25 × P/K. 1920ರ ಅಂಕಿಗಳನ್ನು ಹಾಕಿದರೆ ದುಡಿಮೆಯದು ಸುಮಾರು 0.91, ಬಂಡವಾಳದ್ದು ಸುಮಾರು 0.145. ಅಂದರೆ ಆ ಮಟ್ಟದಲ್ಲಿ ದುಡಿಮೆಯ ಸೂಚ್ಯಂಕ 1 ಏರಿದರೆ ಉತ್ಪಾದನೆಯ ಸೂಚ್ಯಂಕ ಸುಮಾರು 0.91 ಏರುತ್ತದೆ.

ಈಗ ಬಂಡವಾಳವನ್ನು 407ರಲ್ಲೇ ನಿಲ್ಲಿಸಿ ದುಡಿಮೆಯನ್ನು 388ಕ್ಕೆ ಒಯ್ಯಿರಿ. ಉತ್ಪಾದನೆ 471.6 ಆಗುವುದಿಲ್ಲ, ಸುಮಾರು 396.6ಕ್ಕೆ ನಿಲ್ಲುತ್ತದೆ. ದುಡಿಮೆಯ ಸೀಮಾಂತ ಉತ್ಪನ್ನವೂ 0.77ಕ್ಕೆ ಇಳಿಯುತ್ತದೆ, ಏಕೆಂದರೆ ಹೆಚ್ಚಿದ ಕೈಗಳು ಇದ್ದಷ್ಟೇ ಯಂತ್ರಗಳನ್ನು ಹಂಚಿಕೊಳ್ಳಬೇಕು. ಒಂದೇ ಸೂತ್ರದಲ್ಲಿ ಸೀಮಾಂತ ಉತ್ಪನ್ನ ಇಳಿಯುತ್ತಿದೆ, ಪ್ರಮಾಣದ ಪ್ರತಿಫಲ ಸ್ಥಿರವಾಗಿದೆ. ಇದರಲ್ಲಿ ವಿರೋಧವೇನೂ ಇಲ್ಲ. ಒಂದು ಲೆಕ್ಕದಲ್ಲಿ ಯಂತ್ರಗಳೂ ಬೆಳೆದವು, ಇನ್ನೊಂದರಲ್ಲಿ ಬೆಳೆಯಲಿಲ್ಲ.

ಲೆಕ್ಕ ಸರಿಯಿದೆಯೇ ಎಂದು ನೋಡಲು ಆಯ್ಲರನ ಪ್ರಮೇಯವಿದೆ. ಪ್ರತಿ ಹೂಡುವಳಿಯನ್ನು ಅದರದೇ ಸೀಮಾಂತ ಉತ್ಪನ್ನದಿಂದ ಗುಣಿಸಿ ಕೂಡಿದರೆ ದರ್ಜೆ × P ಬರಬೇಕು. ಇಲ್ಲಿ ದುಡಿಮೆಯಿಂದ 176.85, ಬಂಡವಾಳದಿಂದ 58.95, ಕೂಡಿದರೆ 235.8. ಮೊತ್ತ ತಾಳೆಯಾಗದಿದ್ದರೆ ಅವಕಲನದಲ್ಲೋ ದರ್ಜೆಯಲ್ಲೋ ತಪ್ಪಾಗಿದೆ ಎಂದೇ ಅರ್ಥ.

ಆದರೆ ಈ ಪರೀಕ್ಷೆಗಳು ಹೇಳುವುದು ಸೂತ್ರದ ಗುಣವನ್ನು, ಕಾರ್ಖಾನೆಯದನ್ನಲ್ಲ. ಘಾತಗಳ ಮೊತ್ತ 1 ಎಂಬುದು ಕಾಬ್ ಮತ್ತು ಡಗ್ಲಾಸ್ ಅಂಕಿಗಳಲ್ಲಿ ಕಂಡುಕೊಂಡದ್ದಲ್ಲ. ಅವರು ದುಡಿಮೆಯ ಘಾತವನ್ನು ಮಾತ್ರ ಅಂದಾಜು ಮಾಡಿ, 1ರಲ್ಲಿ ಉಳಿದದ್ದನ್ನು ಬಂಡವಾಳಕ್ಕೆ ಕೊಟ್ಟಿದ್ದರು. 1937ರಲ್ಲಿ ಡೇವಿಡ್ ಡ್ಯೂರಾಂಡ್ ಇದನ್ನು ಎತ್ತಿ ತೋರಿಸಿ, ಎರಡೂ ಘಾತಗಳನ್ನು ಬೇರೆ ಬೇರೆಯಾಗಿ ಅಂದಾಜು ಮಾಡಬೇಕೆಂದರು. ಡಗ್ಲಾಸ್ ಆಮೇಲಿನ ತಮ್ಮ ಕೆಲಸದಲ್ಲಿ ಅದನ್ನು ಒಪ್ಪಿ ನಡೆದರು. ಪ್ರತಿಫಲ ಸ್ಥಿರವೆಂದು ಯಾವುದೇ ವರದಿ ಹೇಳಿದಾಗ, ಘಾತಗಳನ್ನು ಅಂಕಿಗಳೇ ಕೊಟ್ಟವೋ ಅಥವಾ ಮೊತ್ತ 1 ಆಗಲೆಂದು ಮೊದಲೇ ಕಟ್ಟಿಹಾಕಲಾಗಿತ್ತೋ ಎಂದು ಕೇಳಬೇಕು.